ಹಸಿ ಕೋಳಿಯ ಜಾಗ

ಶಹಾಪುರದ ನಮ್ಮ ಹೋಟೆಲ್ ಅಡುಗೆ ಕೋರ್ಸಿನ ಪ್ರಾಯೋಗಿಕ ಪರೀಕ್ಷೆಯ ದಿನ, ಫ್ರಿಜ್ಜಿನ ಮುಂದೆ ನಾನು, ಪರೀಕ್ಷಕರು, ಒಂದು ಡಬ್ಬಿ ಹಸಿ ಕೋಳಿ, ಹೀಗೆ ಮೂವರೇ ಇದ್ದೆವು. ಹಸಿ ಕೋಳಿಯನ್ನು ಫ್ರಿಜ್ಜಿನಲ್ಲಿ ಎಲ್ಲಿಡಬೇಕು, ಯಾಕೆ ಎಂಬ ಈ ಕೊನೆಯ ಪ್ರಶ್ನೆಗೆ ಉತ್ತರಿಸಿದರಷ್ಟೇ ನಾನು ಪಾಸು. ಮಾಂಸ ಮುಟ್ಟದ ಮನೆಯವಳು ನಾನು. ಡಬ್ಬಿಯನ್ನು ಎಲ್ಲಕ್ಕಿಂತ ಕೆಳಗೆ ತಳ್ಳಿದೆ.

"ಜಾಗಾ ಬರೋಬರಿ ಅದ. ಯಾಕ ಅಲ್ಲೇ ಇಟ್ಟಿ, ತಂಗಿ?"

"ಕಣ್ಣಿಗೆ ಬೀಳಬಾರದಂತ್ರಿ."

"ಮ್ಯಾಲಿಟ್ರ ಏನಾಗ್ತದ?"

"ನಮ್ಮವ್ವ ಫ್ರಿಜ್ಜನ್ನೇ ಕೆನಾಲಿಗೆ ಒಗೀತಾಳ್ರಿ."

ಅವರು ನಗುತ್ತಲೇ ಡಬ್ಬಿಯ ಮುಚ್ಚಳ ತೆಗೆದು, ಮೇಲಿನ ಶೆಲ್ಫಿನಲ್ಲಿಟ್ಟು ಕೊಂಚ ವಾಲಿಸಿದರು. ಕೋಳಿಯ ನೀರು ಕೆಳಗಿದ್ದ ಬದನೆಕಾಯಿ ಪಲ್ಯದ ಮೇಲೆ ತೊಟ್ಟಿಕ್ಕಿತು.

"ಅಯ್ಯ, ಬೆಂದ ಪಲ್ಯ ಕೆಟ್ಟಿತ್ರಿ! ಅದನ್ನ ಮತ್ತ ಯಾರು ಬೇಯಿಸ್ತಾರ? ಕೋಳಿಯಾಗಿನ ರೋಗ ಹಂಗೇ ಹೊಟ್ಟಿಗಿ ಹೋಗ್ತದ!"

"ಇದನ್ನ ಮೊದಲೇ ಹೇಳಾಕ ಏನಾಗಿತ್ತು?"

ಪಾಸಾದೆ. ಆಮೇಲೆ ಪಲ್ಯ ಚೆಲ್ಲಿ, ಇಡೀ ಫ್ರಿಜ್ ತೊಳೆದೆ.