ವಿಭಕ್ತಿಯ ಕೋಷ್ಟಕದಲ್ಲಿ ಅಣ್ಣ

ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವನು ನಾನೇ ಮೊದಲಿಗ. ಬಿ.ಎ. ಆದವನಂತೂ ನಿಲ್ಕುಂದದ ಆಚೀಚೆಯ ನಮ್ಮಂಥ ರೈತರ ಮನೆಗಳಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನು ಈಗಲೂ ಹೆಮ್ಮೆಯಿಂದಲೇ ಬರೆಯುತ್ತೇನೆ. ಧಾರವಾಡದಲ್ಲಿ ವಾರಾನ್ನ ಉಂಡು, ಬೇರೆಯವರ ಪುಸ್ತಕ ಕೈಬರಹದಲ್ಲಿ ನಕಲು ಮಾಡಿಕೊಂಡು ಓದಿದವನು ನಾನು. ಆದರೆ ಆ ಓದಿನಿಂದ ನಾನು ಮಾಡಿದ ಮೊದಲ ದೊಡ್ಡ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ಮಾತು ತಪ್ಪಿಸುತ್ತೇನೆ.

ಮೂವತ್ತರ ದಶಕದ ನಡುವಿನ ಮಾತು. ನಾನು ಸಿದ್ದಾಪುರದ ಒಂದು ಶಾಲೆಯಲ್ಲಿ ಹಂಗಾಮಿ ಮಾಸ್ತರನಾಗಿದ್ದೆ. ಪುಣೆಯ ಕಡೆಯಿಂದ ಬಂದ ಒಬ್ಬ ರೇಂಜರ್ ಸಾಹೇಬರಿಗೆ ಅರಣ್ಯ ಇಲಾಖೆಯ ಕನ್ನಡ ಪರೀಕ್ಷೆ ಪಾಸು ಮಾಡಬೇಕಾಗಿತ್ತು. ಒಂದು ಸಲ ಕೂತು ನಪಾಸಾಗಿದ್ದರು. ನಮ್ಮ ಹೆಡ್ ಮಾಸ್ತರರು, "ನೀನು ಪದವೀಧರ, ಹೋಗಿ ಕಲಿಸು" ಎಂದರು. ಸಾಹೇಬರ ಬಂಗಲೆಯ ಜಗಲಿಯಲ್ಲಿ ನನಗೆ ಕುರ್ಚಿ ಹಾಕಿದರು. ನಮ್ಮಪ್ಪ ಅದೇ ಇಲಾಖೆಯವರ ಎದುರು ಕುಕ್ಕರಗಾಲಿನಲ್ಲಿ ಕೂತದ್ದನ್ನು ನೋಡಿದವನಿಗೆ ಆ ಕುರ್ಚಿ ತಲೆಗೇರಿತು.

ಸಾಹೇಬರಿಗೆ ಮಾತು ಅಷ್ಟಿಷ್ಟು ಬರುತ್ತಿತ್ತು. ಪ್ರತ್ಯಯ ಹತ್ತುತ್ತಿರಲಿಲ್ಲ. ಮರಾಠಿಯಲ್ಲಿ ಒಂದು 'ಲಾ' ಹಚ್ಚಿದರೆ ಮುಗಿಯುವ ಕಡೆ ನಮ್ಮಲ್ಲಿ 'ಮರಕ್ಕೆ', 'ಕೊಡಲಿಗೆ', 'ಊರಿಗೆ', 'ಅಣ್ಣನಿಗೆ'. ಅವರು 'ಮರಗೆ', 'ಅಣ್ಣಕ್ಕೆ' ಎನ್ನುತ್ತಿದ್ದರು. ಅದಕ್ಕೆ ನಾನು ದಪ್ಪ ಕಾಗದದ ಮೇಲೆ ಒಂದು ಕೋಷ್ಟಕ ಬರೆದೆ. ಎಡಗಡೆ ಮೇಲಿಂದ ಕೆಳಗೆ ಪ್ರಥಮಾದಿಂದ ಸಂಬೋಧನದವರೆಗೆ ಎಂಟು ಸಾಲು. ಮೇಲುಗಡೆ ಅಣ್ಣ, ಮರ, ಕೊಡಲಿ, ಊರು ಎಂದು ನಾಲ್ಕು ನಾಮಪದ. ಪ್ರತ್ಯಯಗಳಿಗೆ ಕೆಂಪು ಶಾಯಿ. ಅಣ್ಣನು, ಅಣ್ಣನನ್ನು, ಅಣ್ಣನಿಂದ, ಅಣ್ಣನಿಗೆ, ಅಣ್ಣನ ದೆಸೆಯಿಂದ, ಅಣ್ಣನ, ಅಣ್ಣನಲ್ಲಿ, ಅಣ್ಣನೇ. 'ದೆಸೆಯಿಂದ' ಎಂದು ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಅಂದದ್ದಿಲ್ಲ. ಪರೀಕ್ಷೆಗೆ ಬೇಕೆಂದು ಪಂಚಮಿಗೆ ಅದನ್ನೇ ಬರೆದೆ.

ಬಲಗಡೆ ಉದಾಹರಣೆಯ ವಾಕ್ಯಗಳು. ಶಾಲೆಯ ವ್ಯಾಕರಣಗಳಲ್ಲಿ ಅರಸು ಬಾಣ ಬಿಡುತ್ತಾನೆ, ಋಷಿ ಶಾಪ ಕೊಡುತ್ತಾನೆ. ನನಗೆ ಅದು ಬೇಡವಾಗಿತ್ತು. ಬದುಕಿನಿಂದ ತೆಗೆದ ವಾಕ್ಯ ಬರೆಯುವೆನೆಂಬ ಸೊಕ್ಕು. ಆ ಬೇಸಿಗೆಯಲ್ಲಿ ಮನೆಯಲ್ಲಿ ಕಂಡದ್ದನ್ನೇ ಬರೆದೆ. 'ಅಣ್ಣನು ಮರವನ್ನು ಕಡಿದನು. ಕೊಡಲಿಯಿಂದ ಕಡಿದನು. ತೊಲೆಯನ್ನು ಕೊಟ್ಟಿಗೆಗೆ ತಂದನು. ಮರದ ಬುಡವು ಹಳ್ಳದ ದಂಡೆಯಲ್ಲಿ ಇದೆ.'

ನನ್ನ ಅಣ್ಣ ಕಡಿದದ್ದು ಸಾಗವಾನಿ. ಸರಕಾರದ ಮರ. ಪರವಾನಗಿ ಇರಲಿಲ್ಲ. ನನಗೆ ಇದು ತಿಳಿದಿತ್ತು. ಆದರೂ ಕಾಗದದ ಮೇಲೆ ಬಂದ ಕೂಡಲೇ ಅವನು ಯಾರ ಅಣ್ಣನೂ ಅಲ್ಲ, ಬರಿಯ ನಾಮಪದ ಎಂದುಕೊಂಡೆ.

ಎರಡು ವಾರದಲ್ಲಿ ಸಾಹೇಬರು ಕೋಷ್ಟಕವನ್ನು ಬಾಯಿಪಾಠ ಮಾಡಿದರು. ಪರೀಕ್ಷೆಯಲ್ಲಿ ರೈತನನ್ನು ಪ್ರಶ್ನೆ ಕೇಳಿ ಅವನ ಜಬಾನಿ, ಅಂದರೆ ಹೇಳಿಕೆ, ಬರೆದುಕೊಳ್ಳುವುದೂ ಇತ್ತು. ಒಂದು ಸಂಜೆ ಅದರ ಅಭ್ಯಾಸ ನಡೆಯಿತು.

"ಮಾಸ್ತರ್, ನೀವು ರೈತ. ನಾನು ಕೇಳ್ತೇನೆ. ಅಣ್ಣನು ಯಾವ ಊರಿನಲ್ಲಿ ಇದ್ದಾನೆ?"

"ನಮ್ಮ ಊರಿನಲ್ಲಿ ಇದ್ದಾನೆ. ಶಾಬಾಸ್ ಸಾಹೇಬ್ರೆ, ಸಪ್ತಮಿ ಸರಿ ಬಂತು."

"ಮರವನ್ನು ಯಾವ ದಂಡೆಯಿಂದ ತಂದನು?"

"ಮನೆಯ ಕೆಳಗಿನ ಹಳ್ಳದ ದಂಡೆಯಿಂದ."

"ಯಾವುದಕ್ಕೆ ತಂದನು? 'ಯಾವುದಿಗೆ' ಅಲ್ಲ, 'ಯಾವುದಕ್ಕೆ'. ಬರೋಬರ್?"

"ಬರೋಬರ್! ಕೊಟ್ಟಿಗೆಯ ತೊಲೆಗೆ ತಂದನು."

ತಾವೇ ತಪ್ಪು ತಿದ್ದಿಕೊಂಡರಲ್ಲ ಎಂದು ನನಗೆ ಎಷ್ಟು ಹಿಗ್ಗಾಯಿತೆಂದರೆ ಉತ್ತರ ಎಲ್ಲಿಗೆ ಹೋಗುತ್ತಿದೆ ಎಂದು ನೋಡಲೇ ಇಲ್ಲ. ಅವರು ಬರೆದುಕೊಳ್ಳುತ್ತಿದ್ದರು. ಅಕ್ಷರ ಸೊಟ್ಟಗಿದ್ದ ಕಡೆ ನಾನೇ ಬಗ್ಗಿ ತಿದ್ದಿದೆ.

ಮುಂದಿನ ವಾರ ಅಣ್ಣ ಶಾಲೆಯ ಬಾಗಿಲಿಗೆ ಬಂದ. ನಾನು ಓದಲಿ ಎಂದು ನನ್ನ ಪಾಲಿನ ಗದ್ದೆಯನ್ನೂ ಒಬ್ಬನೇ ಉತ್ತವನು ಅವನು. ಮೈಮೇಲೆ ಅಂಗಿ ಇರಲಿಲ್ಲ, ಕೈಯಲ್ಲಿ ಒಂದು ಕಾಗದವಿತ್ತು.

"ತಮಾ, ಗಾರ್ಡ್‌ನವ್ರು ಬಂದು ಕೊಟ್ಟಿಗೆ ಮಾಡಿನ ಹುಲ್ಲು ಕಿತ್ತು ತೊಲೆ ಇಳಿಸಿದ್ರು. ನಂಗೆ ಇದ್ರ ಮೇಲೆ ಹೆಬ್ಬೆಟ್ಟು ಒತ್ತಿಸ್ಕಂಡ್ರು. ಎಂತ ಬರದಾರೆ, ಓದು."

ಅದು ಪಂಚನಾಮೆಯ ನಕಲು. ಓದಿದೆ. 'ಸದರಿ ರೈತನು ಹಳ್ಳದ ದಂಡೆಯಲ್ಲಿದ್ದ ಮರವನ್ನು ಕೊಡಲಿಯಿಂದ ಕಡಿದು, ತೊಲೆಯನ್ನು ಕೊಟ್ಟಿಗೆಗೆ ತಂದನು.' ಒಂದು ಪ್ರತ್ಯಯವೂ ತಪ್ಪಿರಲಿಲ್ಲ.

"ಎಷ್ಟು ಸಮ ಬರದಾನೆ ನೋಡು!" ಎಂದ ಅಣ್ಣ. "ಹಳ್ಳದ ದಂಡೆ ಅಂತ್ಲೂ ಗೊತ್ತಂತೆ. ಇದು ಆಚೆಮನೆಯವ್ನದೇ ಕೆಲಸ. ಬೇಲಿ ಜಗಳ ಮನಸಲ್ಲಿಟ್ಕಂಡು ಹೇಳಿಕೊಟ್ಟಾನೆ. ಅವನ ಹಲ್ಲು ಉದುರಿಸ್ತೆ."

ನಾನು ಕಾಗದ ಮಡಚಿ ಕೊಟ್ಟೆ. "ಹಲ್ಲು ಗಿಲ್ಲು ಬೇಡ" ಎಂದಷ್ಟೇ ಅಂದೆ.

ಅದೇ ಸಂಜೆ ಬಂಗಲೆಗೆ ಹೋದೆ. ಕುರ್ಚಿಯಲ್ಲಿ ಕೂರಲಿಲ್ಲ. ಸಾಹೇಬರು ಮುಖ ತಪ್ಪಿಸಲೂ ಇಲ್ಲ, ಗದರಲೂ ಇಲ್ಲ.

"ಮಾಸ್ತರ್, ನನ್ನ ಕೆಲಸ ಅದೇ ಅಲ್ಲ? ನೀವು ಸುಳ್ಳು ವಾಕ್ಯ ಬರೀಬೇಕಿತ್ತು" ಎಂದರು. "ನಿಮ್ಮ ಹೆಸರು ಎಲ್ಲೂ ಹಾಕಲಿಲ್ಲ, ನೋಡಿದಿರಲ್ಲ."

ಅವರು ಮೊದಲಿಂದಲೇ ಹೊಂಚು ಹಾಕಿದ್ದರೋ, ಆ ಸಂಜೆಯೇ ಹೊಳೆಯಿತೋ, ನನಗೆ ಇವತ್ತಿಗೂ ತಿಳಿಯದು. ಕಾರವಾರಕ್ಕೆ ಹೋಗಿ ಪರೀಕ್ಷೆ ಪಾಸಾಗಿ ಬಂದರು. ನನ್ನ ಕೋಷ್ಟಕವನ್ನು ನಕಲು ಮಾಡಿಸಿ ಶಿರಸಿ, ಯಲ್ಲಾಪುರದಲ್ಲಿದ್ದ ತಮ್ಮ ಜೊತೆಯವರಿಗೂ ಕಳಿಸಿದರಂತೆ. ಚಲೋ ಕೋಷ್ಟಕ ಎಂದು ಅವರೂ ಹೊಗಳಿದರಂತೆ.

ಅಣ್ಣ ಹದಿನೈದು ದಿನ ಒಳಗಿದ್ದು ಬಂದ. ನಾನು ಊರಿಗೆ ಹೋದಾಗ ಎರಡು ಮನೆಗಳ ನಡುವಿನ ದಾರಿಗೆ ಮುಳ್ಳು ಬಿದ್ದಿತ್ತು. ಆಚೆಮನೆಯವನ ಹೆಂಡತಿ ಬೇಲಿಯ ಆಚೆ ನಿಂತು, "ನಮ್ಮ ಮಕ್ಕಳ ಆಣೆ, ನಾವು ಹೇಳಿದ್ದಲ್ಲ" ಎಂದು ಅಳುತ್ತಿದ್ದಳು. ಅಣ್ಣ ಅವಳ ಕಡೆ ತಿರುಗದೆ ಉಗುಳಿದ. ಆಗ ಹೇಳಿದೆ. ನಿಂತಲ್ಲೇ, ಅವಳಿಗೂ ಕೇಳುವ ಹಾಗೆ ಹೇಳಿದೆ. ಕೋಷ್ಟಕ, ವಾಕ್ಯ, ಜಬಾನಿಯ ಅಭ್ಯಾಸ, ಎಲ್ಲ.

ಅಣ್ಣನಿಗೆ ಮೊದಲು ಅರ್ಥವಾಗಲಿಲ್ಲ.

"ನನ್ನ ಯಾಕೆ ಬರದ್ಯೋ ಅದ್ರಲ್ಲಿ?"

"ಉದಾಹರಣೆಗೆ, ಅಣ್ಣಾ."

"ಉದಾಹರಣೆಗೆ." ಆ ಮಾತನ್ನು ಅವನು ಜೀವನದಲ್ಲಿ ಮೊದಲ ಸಲ ಆಡಿದನೆಂದು ಕಾಣುತ್ತದೆ. "ನಿಂಗೆ ಬೇರೆ ಯಾರೂ ಸಿಕ್ಲಿಲ್ವಾ?"

ಅವನು ಹೋಗಿ ದಾರಿಯ ಮುಳ್ಳು ಎಳೆದು ಹಾಕಿದ. ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಊಟಕ್ಕೆ ಕರೆದ. ಉಂಡೆವು.

ಮುಂದೆ ಪಂಚಾಯಿತಿಯದೋ ಕಚೇರಿಯದೋ ಕಾಗದ ಬಂದರೆ ಅಣ್ಣ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸಿದ್ದಾಪುರಕ್ಕೆ ನಡೆಯುತ್ತಿದ್ದ. ನಾನು ರಜೆಯಲ್ಲಿ ಮನೆಯ ಜಗಲಿಯ ಮೇಲೆ ಕೂತಿದ್ದರೂ ನಡೆಯುತ್ತಿದ್ದ. ಅಲ್ಲಿ ಬಟ್ಟೆ ಅಂಗಡಿಯವರೊಬ್ಬರು, ನಾಲ್ಕನೆಯ ಇಯತ್ತೆ ಓದಿದವರು, ಅವನಿಗೆ ಓದಿ ಹೇಳುತ್ತಿದ್ದರು.