ಹಗ್ಗದಾಚೆಯ ತಮ್ಮ

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಕೋಚ್‌ಗೆ ಜನ ಇಟ್ಟ ಹೆಸರು ಹಗ್ಗದಕ್ಕ. ಹನ್ನೆರಡು ವರ್ಷದೊಳಗಿನ ಮಕ್ಕಳ ಪಂದ್ಯವಿದ್ದ ದಿನ ಅವರು ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದು, ಆಟದ ಗೆರೆಯಿಂದ ಮೂರು ಹೆಜ್ಜೆ ಹಿಂದಕ್ಕೆ ಗೂಟ ಹೊಡೆದು, ಉದ್ದಕ್ಕೂ ನೀಲಿ ನೈಲಾನ್ ಹಗ್ಗ ಕಟ್ಟುತ್ತಿದ್ದರು. ಅಪ್ಪ ಅಮ್ಮಂದಿರು ಅದರ ಹಿಂದೆ ನಿಲ್ಲಬೇಕು. ಅದೂ ಮಕ್ಕಳ ಬೆಂಚಿರುವ ಕಡೆಗಲ್ಲ, ಎದುರು ಬದಿಗೆ. ಚಪ್ಪಾಳೆ ತಟ್ಟಬಹುದು, ಎದುರು ತಂಡಕ್ಕೂ ತಟ್ಟಬಹುದು. ಮಗುವಿನ ಹೆಸರು ಹಿಡಿದು ಹಾಗೆ ಮಾಡು ಹೀಗೆ ಮಾಡು ಎಂದು ಕೂಗುವಂತಿಲ್ಲ.

ನಾನು ಅವರ ಸಹಾಯಕಿ. ವೃತ್ತಿಯಲ್ಲಿ ದರ್ಜಿ. ತಂಡದ ಅಂಗಿ ಹೊಲಿದುಕೊಡಲು ಹೋದವಳು, ನೀರಿನ ಬಾಟಲಿ ತುಂಬುತ್ತ, ಬೂಟಿನ ಲೇಸು ಕಟ್ಟುತ್ತ ಅಲ್ಲೇ ಒಂಬತ್ತು ವರ್ಷ ಉಳಿದುಬಿಟ್ಟೆ. ಅಕ್ಕ ವಾರವಿಡೀ ಒಂದು ಪ್ರೆಸ್ಸಿನಲ್ಲಿ ಪುಸ್ತಕಗಳ ಬೈಂಡಿಂಗ್ ಮಾಡುತ್ತಿದ್ದರು. ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಅಂಟು. ಮದುವೆಯಾಗಲಿಲ್ಲ. ಸಿಟ್ಟು ಕಡಿಮೆ, ಮಾತು ಇನ್ನೂ ಕಡಿಮೆ. ನನ್ನದು ತದ್ವಿರುದ್ಧ. ಗೆರೆಯ ಪಕ್ಕ ನಿಂತು ಗಂಟಲು ಹರಿದುಕೊಳ್ಳುವ ಅಪ್ಪಂದಿರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತಾವು ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು, ಹತ್ತು ವರ್ಷದ ಮಗುವಿಗೆ 'ಓಡು ಓಡು, ಸೋಮಾರಿ' ಅನ್ನುತ್ತಾರೆ. ಅಮ್ಮಂದಿರೇನೂ ಕಮ್ಮಿ ಇಲ್ಲ.

ಪ್ರತಿ ವರ್ಷ ಪಂದ್ಯಗಳು ಶುರುವಾಗುವ ಮೊದಲು ಅಕ್ಕ ಹೆತ್ತವರ ಸಭೆ ಕರೆಯುತ್ತಿದ್ದರು. ಭಾಷಣ ಮಾಡುತ್ತಿರಲಿಲ್ಲ. ನನ್ನ ಪೆಟ್ಟಿಗೆಯಿಂದ ಒಂದು ಸೂಜಿ, ಒಂದು ಎಳೆ ದಾರ ತೆಗೆಸಿ, ಅಪ್ಪಂದಿರಲ್ಲೇ ಜೋರು ಬಾಯಿಯವನನ್ನು ಆರಿಸಿ ಪೋಣಿಸಲು ಕೊಡುತ್ತಿದ್ದರು. ಉಳಿದವರಿಗೆ, "ನೀವೆಲ್ಲ ಇವ್ರಿಗೆ ಸಹಾಯ ಮಾಡಿ, ಕೂಗಿ ಹೇಳಿ," ಅನ್ನುತ್ತಿದ್ದರು. ಒಬ್ಬ ಎಡಕ್ಕೆ ಅಂದರೆ ಇನ್ನೊಬ್ಬ ಬಲಕ್ಕೆ, ಮತ್ತೊಬ್ಬಳು ದಾರ ಒದ್ದೆ ಮಾಡಿ ಅಂತ. ಕಳೆದ ಸಲ ಬ್ಯಾಂಕಿನ ಗುಮಾಸ್ತರೊಬ್ಬರು ಬೆವತು ಸೂಜಿಯನ್ನೇ ಕೆಳಗೆ ಬೀಳಿಸಿದರು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. "ಮಗು ಕಾಲಲ್ಲಿ ಚೆಂಡು ಇರುತ್ತೆ. ಅದರ ಕಿವೀಲಿ ಹದಿನೈದು ಜನ ಇರ್ತೀರಿ," ಅಂದರು.

ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ಅಕ್ಕನ ತಮ್ಮ.

ತಮ್ಮ ಫ್ರಿಜ್ ರಿಪೇರಿ ಮಾಡುವವನು. ಒಳ್ಳೆಯವನು, ಆ ಮಾತು ಮೊದಲೇ ಹೇಳಿಬಿಡುತ್ತೇನೆ. ಅವನ ಮಗಳು ನಮ್ಮ ತಂಡದಲ್ಲಿ ನಡುಮೈದಾನದ ಆಟಗಾರ್ತಿ. ಚೆಂಡು ಕಾಲಿಗೆ ಸಿಕ್ಕಿದರೆ ನಿಂತಲ್ಲೇ ಗಿರ್ರನೆ ತಿರುಗಿ ಇಬ್ಬರನ್ನು ದಾಟಿಬಿಡುತ್ತಿದ್ದಳು, ಹಾಗಾಗಿ ಎಲ್ಲರಿಗೂ ಅವಳು ಬುಗುರಿ. ಆದರೆ ದಾಟಿದ ಮೇಲೆ ಏನು? ನಿಂತುಬಿಡುತ್ತಿದ್ದಳು. ತಲೆ ಎತ್ತಿ ಅಪ್ಪನ ಕಡೆ ನೋಡುತ್ತಿದ್ದಳು. ಅಪ್ಪ ಕೈಬೀಸಿ, "ಎಡಕ್ಕೆ ಕೊಡು! ಹೊಡಿ! ವಾಪಸ್ ಓಡು!" ಅನ್ನುವಷ್ಟರಲ್ಲಿ ಚೆಂಡು ಬೇರೆಯವರ ಪಾಲು.

ಹಗ್ಗದ ನಿಯಮ ಅವನಿಗೆ ಯಾಕೆ ಅನ್ವಯಿಸಲಿಲ್ಲ ಎಂದರೆ, ತಪ್ಪು ಅಕ್ಕನದೇ. ಚೆಂಡಿನ ಚೀಲ, ಗೂಟ, ನೀರಿನ ಡ್ರಮ್ಮು ಎಲ್ಲ ಬರುತ್ತಿದ್ದದ್ದು ಅವನ ವ್ಯಾನಿನಲ್ಲಿ. ಇಳಿಸಿದವನು ಅಲ್ಲೇ ಬೆಂಚಿನ ಪಕ್ಕ ನಿಲ್ಲುತ್ತಿದ್ದ. ತಮ್ಮ ತಾನೆ, ಕೆಲಸಕ್ಕೆ ಬಂದವನು ತಾನೆ ಎಂದು ಅಕ್ಕ ಸುಮ್ಮನಿದ್ದರು. ನಾನು ಎರಡು ಸಲ ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಸಂಜೆ ಬಲೆ ಬಿಚ್ಚುತ್ತ ಕಾರಣ ಹೇಳಿದರು. ತಾಯಿ ತೀರಿಕೊಂಡಾಗ ತಮ್ಮನಿಗೆ ಹನ್ನೊಂದು, ಅಕ್ಕನಿಗೆ ಇಪ್ಪತ್ತು. ಅವನ ಪಂದ್ಯಗಳಿಗೆಲ್ಲ ಅಕ್ಕನೇ ಹೋಗುತ್ತಿದ್ದರು, ಗೆರೆಯ ಉದ್ದಕ್ಕೂ ಓಡುತ್ತ ಕೂಗುತ್ತಿದ್ದರು. "ಒಂದೊಂದು ಪಾಸೂ ನಾನೇ ಹೇಳ್ತಿದ್ದೆ. ಅವನು ಹಾಗೇ ಆಡ್ತಿದ್ದ. ಗೆಲ್ತಿದ್ದ. ಹತ್ತೊಂಬತ್ತಕ್ಕೆ ದೊಡ್ಡ ತಂಡದ ಆಯ್ಕೆಗೆ ಕರೆದ್ರು. ದೊಡ್ಡ ಮೈದಾನ, ಸುತ್ತ ಬೇಲಿ, ನನ್ನ ಧ್ವನಿ ಅವನಿಗೆ ಕೇಳಿಸ್ತಿರ್ಲಿಲ್ಲ. ಚೆಂಡು ಬಂದಾಗೆಲ್ಲ ಗ್ಯಾಲರಿ ಕಡೆ ತಿರುಗಿ ನನ್ನ ಹುಡುಕ್ತಿದ್ದ. ಅರ್ಧ ಗಂಟೆಗೆ ಹೊರಗೆ ಕರೆದ್ರು. ಆಮೇಲೆ ಅವನು ಆಡ್ಲೇ ಇಲ್ಲ."

"ಅವರಿಗೆ ಇದನ್ನ ಹೇಳಿದ್ದೀರಾ?" ಎಂದೆ.

"ಹೇಗೆ ಹೇಳ್ಲಿ? ನನ್ನಿಂದಾನೇ ಅವನು ಚೆನ್ನಾಗಿ ಆಡ್ತಿದ್ದ ಅಂತ ಇವತ್ತಿಗೂ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಾನೆ."

ಬುಗುರಿಗೂ ಅದೇ ಗತಿ ಬರಬಾರದು. ಅಕ್ಕನಿಗೆ ಆ ವರ್ಷ ಇದ್ದದ್ದು ಅದೊಂದೇ ಹಟ. ಅಭ್ಯಾಸದಲ್ಲಿ ಆ ಮಗು ತಲೆ ಎತ್ತಿ ಯಾರ ಮುಖವನ್ನಾದರೂ ಹುಡುಕಿದರೆ ಅಕ್ಕ ಬೇಕೆಂದೇ ಬೆನ್ನು ತಿರುಗಿಸುತ್ತಿದ್ದರು. "ನನ್ನ ಕೇಳ್ಬೇಡ. ನೀನೇ ನೋಡು, ನೀನೇ ನಿರ್ಧಾರ ಮಾಡು. ತಪ್ಪಾದ್ರೆ ಆಗ್ಲಿ," ಅನ್ನುತ್ತಿದ್ದರು. ಎರಡು ತಿಂಗಳಿಗೆ ಫಲ ಕಂಡಿತು. ಅಪ್ಪ ಇಲ್ಲದ ಅಭ್ಯಾಸದಲ್ಲಿ ಬುಗುರಿ ಚೆಂಡು ಬರುವ ಮೊದಲೇ ಸುತ್ತ ನೋಡಿಟ್ಟುಕೊಳ್ಳುತ್ತಿದ್ದಳು. ಪಂದ್ಯದ ದಿನ ಮತ್ತೆ ಹಳೇ ಕತೆ.

ಸೆಮಿಫೈನಲ್ ದಿನ ಗುಮಾಸ್ತರು ನೇರವಾಗಿ ಕೇಳಿಯೇಬಿಟ್ಟರು. "ನಮಗೆಲ್ಲ ಹಗ್ಗ, ನಿಮ್ಮ ತಮ್ಮನಿಗೆ ಬೆಂಚಾ ಮೇಡಂ?" ಅಕ್ಕನ ಮುಖ ಸಣ್ಣದಾಯಿತು. ತಮ್ಮನ ಬಳಿ ಹೋಗಿ, "ಆ ಕಡೆ ಹೋಗೋ," ಅಂದರು. ಅವನು ತಮಾಷೆ ಅಂದುಕೊಂಡ. ಅಲ್ಲ ಎಂದು ತಿಳಿದ ಮೇಲೆ ನಡೆದುಹೋಗಿ ಹಗ್ಗದ ಹಿಂದೆ ನಿಂತ.

ದೂರವಾದ್ದರಿಂದ ಇನ್ನೂ ಜೋರಾಗಿ ಕೂಗಿದ, ಅಷ್ಟೇ. ಅರ್ಧ ಆಟ ಮುಗಿಯುವ ಮುಂಚೆ ಹಗ್ಗ ದಾಟಿ ಗೆರೆಯ ಮೇಲೇ ಓಡಾಡುತ್ತಿದ್ದ. ರೆಫ್ರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚೆಂಡು ಹೊರಹೋದಾಗ ಆಟ ನಿಲ್ಲಿಸಿ ಅಕ್ಕನನ್ನು ಕರೆದು, "ನಿಮ್ಮ ಕಡೆಯವ್ರು, ನೀವೇ ಮಾತಾಡಿ," ಅಂದಳು. ನಿಯಮ ಹಾಗೆಯೇ ಇದೆ. ಪ್ರೇಕ್ಷಕರ ಹೊಣೆ ಆಯಾ ತಂಡದ ಕೋಚ್‌ದು. ಅಕ್ಕ ಹೋಗಿ ಹೇಳಿ ಬಂದರು. ಅವನು ಹಿಂದೆ ಸರಿದ. ಹತ್ತು ನಿಮಿಷ ತಡೆದುಕೊಂಡ.

ಎರಡನೇ ಅರ್ಧದಲ್ಲಿ ಬುಗುರಿ ಇಬ್ಬರನ್ನು ದಾಟಿದಳು. ಬಲಗಡೆ ನಮ್ಮ ಹುಡುಗಿಯೊಬ್ಬಳು ಖಾಲಿ ಜಾಗದಲ್ಲಿದ್ದಳು. ಬುಗುರಿ ಅವಳನ್ನು ನೋಡಿದ್ದಳು, ಕಾಲೂ ಎತ್ತಿದ್ದಳು. "ಕೊಡ್ಬೇಡ! ನೀನೇ ಹೊಡಿ!" ಎಂದು ಗುಡುಗಿದ ಅಪ್ಪ. ಎತ್ತಿದ ಕಾಲು ಹಾಗೇ ನಿಂತಿತು. ಚೆಂಡು ಹೋಯಿತು. ಅವನು ಮೈದಾನದೊಳಕ್ಕೇ ನಾಲ್ಕು ಹೆಜ್ಜೆ ಬಂದು, "ಎಷ್ಟು ಸಲ ಹೇಳ್ಬೇಕು ನಿಂಗೆ!" ಅಂದ. ಬುಗುರಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ನಿಂತುಬಿಟ್ಟಳು.

ರೆಫ್ರಿ ಮತ್ತೆ ಆಟ ನಿಲ್ಲಿಸಿದಳು. ಈ ಸಲ ಮಾತು ಚಿಕ್ಕದು. ಅವರು ಮೈದಾನದಿಂದ ಹೊರಗೆ ಹೋಗಬೇಕು, ಕಣ್ಣಿಗೆ ಕಾಣದಷ್ಟು ದೂರ. ಇಲ್ಲದಿದ್ದರೆ ಪಂದ್ಯವನ್ನೇ ಕೈಬಿಡುತ್ತೇನೆ ಅಂದಳು. ಹೋಗಿ ಹೇಳಬೇಕಾದವರು ಮತ್ತೆ ಅಕ್ಕನೇ.

ನಾನು ಹೋಗುತ್ತೇನೆ ಎಂದೆ. ಬೇಡ ಅಂದರು. ಆ ಮೈದಾನದ ಅಗಲ ಎಷ್ಟು ಮಹಾ? ಆದರೂ ಅವರು ಅದನ್ನು ದಾಟುವಾಗ ನನಗೆ ನೋಡಲಾಗಲಿಲ್ಲ. ತಾನೇ ತಲೆ ಬಾಚಿ, ಬೂಟು ಕಟ್ಟಿ ಬೆಳೆಸಿದವನನ್ನು ಅಷ್ಟು ಜನರೆದುರು ಆಚೆ ಹೋಗು ಅನ್ನಬೇಕಲ್ಲ.

"ಮನೆಗೆ ಹೋಗೋ," ಅಂದರು.

"ನಾನೇನು ಬೇರೆ ಮಾಡ್ದೆ ಅಕ್ಕಾ? ನೀನು ನನಗೆ ಮಾಡಿದ್ದನ್ನೇ ತಾನೆ?" ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳುತ್ತಿದ್ದ.

"ಹೌದು," ಅಂದರು ಅಕ್ಕ. "ನಿನ್ನ ಆಟ ಕೆಡಿಸಿದ್ದೂ ಅದೇ."

ಇಪ್ಪತ್ತು ವರ್ಷ ನುಂಗಿಕೊಂಡಿದ್ದ ಮಾತು ಹಗ್ಗದ ಪಕ್ಕದಲ್ಲಿ, ಗುಮಾಸ್ತರ ಎದುರಿಗೆ ಬಾಯಿಂದ ಬಿತ್ತು. ತಮ್ಮ ಒಂದು ಕ್ಷಣ ಅಕ್ಕನ ಮುಖವನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿಕೊಂಡು ಗೇಟಿನ ಕಡೆ ನಡೆದ. ಅವನು ಮರೆಯಾಗುವ ತನಕ ಇಪ್ಪತ್ತು ಮಕ್ಕಳು, ಎರಡು ಕಡೆಯ ಹೆತ್ತವರು, ಎಲ್ಲರೂ ಕಾದರು. ಬುಗುರಿಯೂ ಕಾದಳು, ಅವನ ಬೆನ್ನು ನೋಡುತ್ತ.

ಉಳಿದ ಹದಿನೈದು ನಿಮಿಷ ಅವಳು ಆಡಿದ ಆಟವನ್ನು ನಾನು ಮರೆಯಲಾರೆ. ಯಾರ ಮುಖವನ್ನೂ ನೋಡಲಿಲ್ಲ. ಎರಡು ಗೋಲಿಗೆ ಚೆಂಡು ಒದಗಿಸಿಕೊಟ್ಟಳು. ಗೆದ್ದೆವು. ಮಕ್ಕಳು ಕುಣಿದರು. ಅವಳು ಕುಣಿಯಲಿಲ್ಲ.

ಮುಂದಿನ ಮೂರು ಅಭ್ಯಾಸಕ್ಕೂ ಬರಲಿಲ್ಲ. ವ್ಯಾನೂ ಬರಲಿಲ್ಲ. ಅಕ್ಕ ಫೋನ್ ಮಾಡಿದರೆ ತಮ್ಮ ಎತ್ತಲಿಲ್ಲ. ಫೈನಲ್‌ಗೆ ಎರಡು ದಿನ ಇರುವಾಗ, "ನೀನೂ ಬಾ, ನನಗೆ ಕಾಲು ಏಳ್ತಿಲ್ಲ," ಎಂದು ನನ್ನನ್ನು ಕರೆದುಕೊಂಡು ಅವನ ಮನೆಗೆ ಹೋದರು.

ಮುಂದಿನ ಕೋಣೆಯ ಅರ್ಧ ಅವನ ಕೆಲಸದ್ದೇ. ಗೋಡೆಗೆ ಒರಗಿಸಿದ ಫ್ರಿಜ್ ಬಾಗಿಲುಗಳು, ತಂತಿ ಸುರುಳಿ, ಮಗ್ಗುಲಲ್ಲೇ ಬುಗುರಿ ಓದುವ ಮೇಜು. ತಮ್ಮನ ಹೆಂಡತಿ ನೀರು ತಂದಿಟ್ಟು, "ಅವ್ರು ಸರಿಯಾಗಿ ಊಟಾನೂ ಮಾಡ್ತಿಲ್ಲ ಅತ್ತಿಗೆ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ತಮ್ಮ ನೆಲದ ಮೇಲೆ ಕೂತು ಸ್ಕ್ರೂ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ನನ್ನ ಮೇಲಿನ ಸಿಟ್ಟು ಮಗು ಮೇಲೆ ಯಾಕೋ?" ಅಂದರು ಅಕ್ಕ. "ಅವಳನ್ನ ಕಳಿಸು."

"ನಾನೆಲ್ಲಿ ತಡೆದೆ? ಕಳಿಸ್ತೀನಿ ಅಂತ ದಿನಾ ಹೇಳ್ತಿದ್ದೀನಿ. ಅವಳೇ ಬೇಡ ಅಂತಾಳೆ. ಕೇಳು ಬೇಕಾದ್ರೆ."

ಬುಗುರಿ ಪುಸ್ತಕ ಮುಚ್ಚಿದಳು. ಹೇಳಬೇಕಾದ್ದನ್ನು ಮೊದಲೇ ಯೋಚಿಸಿಟ್ಟುಕೊಂಡಿದ್ದಳೆಂದು ಕಾಣುತ್ತದೆ, ಎಲ್ಲೂ ತಡವರಿಸಲಿಲ್ಲ.

"ನಾನು ಆಡಲ್ಲ ಅತ್ತೆ. ನಾನು ಆಡಿದ್ರೆ ಅಪ್ಪ ಕೂಗ್ತಾರೆ, ನೀನು ಅಪ್ಪನ್ನ ಆಚೆ ಕಳಿಸ್ತೀಯ. ಆಡ್ದೆ ಇದ್ರೆ ಏನೂ ಆಗಲ್ಲ. ನೀನೇ ಹೇಳಿದ್ಯಲ್ಲ, ನೀನೇ ನೋಡು, ನೀನೇ ನಿರ್ಧಾರ ಮಾಡು ಅಂತ. ನಾನು ನೋಡ್ದೆ."

ತಮ್ಮನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಅವನು ಅಕ್ಕನ ಕಡೆ ತಿರುಗಿದ. ಕಣ್ಣು ತುಂಬಿತ್ತು. "ಹೇಳಕ್ಕಾ. ಆಡು ಅಂತ ಹೇಳು ಅವಳಿಗೆ. ನೀನು ಹೇಳಿದ್ರೆ ಕೇಳ್ತಾಳೆ. ನಾನಿನ್ನು ಮೈದಾನದ ಕಡೆ ತಲೆನೂ ಹಾಕಲ್ಲ, ಆಣೆಗೂ. ಹೇಳು."

ಅಕ್ಕ ಮಗುವಿನ ಮುಖ ನೋಡಿದರು. ಹೇಳಿಬಿಡುತ್ತಾರೆ ಅಂದುಕೊಂಡೆ. ಹೇಳಲಿ ಎಂದು ನಾನೂ ಒಳಗೊಳಗೇ ಬೇಡಿಕೊಂಡೆ, ಸುಳ್ಳು ಯಾಕೆ? ಒಂದು ಮಾತು ಸಾಕಿತ್ತು.

"ನಾನು ಹೇಳಲ್ಲ ಕಣೋ," ಅಂದರು ಅಕ್ಕ. "ನೀನೂ ಹೇಳ್ಬೇಡ."

ಬುಗುರಿ ಒಳಗೆ ಹೋಗಿ ತನ್ನ ಅಂಗಿ ತಂದಳು. ಒಗೆದು ಮಡಿಚಿಟ್ಟಿದ್ದಳು. ಅದನ್ನು ನನ್ನ ತೊಡೆಯ ಮೇಲಿಟ್ಟು, "ಯಾರಿಗಾದ್ರೂ ಆಗುತ್ತೆ ಆಂಟಿ, ಸೈಡಲ್ಲಿ ಸ್ವಲ್ಪ ಬಿಡಿಸಿಕೊಡಿ," ಅಂದಳು. ಆಮೇಲೆ ಅಪ್ಪನ ಪಕ್ಕ ನೆಲದ ಮೇಲೆ ಕೂತು, ಅವನು ಬಿಚ್ಚಿ ಹಾಕಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕತೊಡಗಿದಳು.