ನಾರ್ಮಲ್ ಎಂದು ಬರೆದ ಭುಜ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಮನೆಯವರು ನೌಕಾಪಡೆಯಲ್ಲಿದ್ದಾರೆ. ಅವರಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ನಾನೂ ಧಾರವಾಡದಿಂದ ಗಂಟುಮೂಟೆ ಕಟ್ಟಿಕೊಂಡು ಬಂದೆ. ಈಗ ಅಲ್ಲಿನ ಗಾಜುವಾಕದ ಸಣ್ಣ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ನೋಡಿ ವರದಿ ಬರೆಯುವ ಡಾಕ್ಟರು. ಹದಿನೈದು ದಿನಕ್ಕೊಂದು ಶನಿವಾರ ವಿಜಯವಾಡದ ಪಟಮಟದಲ್ಲಿರುವ ಗೆಳತಿಯ ಸ್ಕ್ಯಾನ್ ಸೆಂಟರಿನಲ್ಲೂ ಕೂರುತ್ತೇನೆ.

ಆ ಶುಕ್ರವಾರ ಗಾಜುವಾಕದಲ್ಲಿ ಕಂಪ್ಯೂಟರು ಬೆಳಿಗ್ಗೆಯಿಂದ ಸತಾಯಿಸುತ್ತಿತ್ತು. ಫಿಲ್ಮುಗಳ ರಾಶಿ ಬಿದ್ದಿತ್ತು. ಗದಗದ ಕಡೆಯ ಒಬ್ಬ ಎಲೆಕ್ಟ್ರಿಷಿಯನ್, ಕಾಂಟ್ರ್ಯಾಕ್ಟ್ ಕೆಲಸಕ್ಕೆ ಬಂದವನು, ಬಲಭುಜ ಹಿಡಿದುಕೊಂಡು ಬಂದಿದ್ದ. ಚೀಟಿಯಲ್ಲಿ ‘ಬಿದ್ದಿದ್ದಾರೆ’ ಎಂದಷ್ಟೇ ಇತ್ತು. ಕಾರಿಡಾರಿನಲ್ಲಿ ನನ್ನ ಕನ್ನಡ ಕೇಳಿ ಅವನ ಮುಖ ಅರಳಿತ್ತು. “ಅಕ್ಕಾರ, ನಮ್ಮ ಕಡೇದವರು ಸಿಕ್ಕರಲ್ಲ, ಇನ್ನ ಹೆದರಿಕಿಲ್ಲ ಬಿಡ್ರಿ” ಅಂದಿದ್ದ. ಎಕ್ಸ್‌ರೇ ತೆಗೆಯುವ ಟೆಕ್ನಿಷಿಯನ್ ಬಾಗಿಲಲ್ಲಿ ನಿಂತು, “ಮೇಡಂ, ಚೆಯ್ಯಿ ತಿರಗಟ್ಲೇದು” ಎಂದ. ಕೈ ಹೊರಕ್ಕೆ ತಿರುಗುತ್ತಿಲ್ಲ, ಎತ್ತಲೂ ಆಗುತ್ತಿಲ್ಲ, ಹಾಗಾಗಿ ಎದುರಿನಿಂದ ಒಂದೇ ಫೋಟೋ ಆಗಿದೆ ಎಂದು ಅವನ ಗೋಳು.

“ನೋವಿದ್ದವರ ಕೈ ತಿರುಗುತ್ತದೇನಪ್ಪಾ? ಬಿಡು, ನೆಕ್ಸ್ಟ್ ಕಳಿಸು” ಎಂದು ನನ್ನ ಹರಕುಮುರುಕು ತೆಲುಗಿನಲ್ಲಿ ಗದರಿದೆ.

ಪೆಟ್ಟಾದ ಭುಜಕ್ಕೆ ಒಂದೇ ದಿಕ್ಕಿನ ಫೋಟೋ ಸಾಲದು. ಇದು ಓದುವಾಗಲೇ ತಲೆಗೆ ತುಂಬಿಸುವ ಪಾಠ. ತೋಳಿನ ಮೂಳೆಯ ತಲೆ, ತಾನು ಕೂರುವ ಭುಜದ ಬಟ್ಟಲಿನಿಂದ ಮುಂದಕ್ಕೆ ಜಾರಿದರೆ ಬಾಗಿಲಲ್ಲಿ ನಿಂತು ನೋಡಿದರೂ ಗೊತ್ತಾಗುತ್ತದೆ; ಹಿಂದಕ್ಕೆ ಜಾರಿದರೆ ಎದುರಿನಿಂದ ನೋಡಿದಾಗ ಹೆಚ್ಚುಕಡಿಮೆ ತನ್ನ ಜಾಗದಲ್ಲೇ ಕೂತಂತೆ ಕಾಣುತ್ತದೆ. ಪಕ್ಕದಿಂದಲೋ ಕಂಕುಳಿನ ದಿಕ್ಕಿನಿಂದಲೋ ಇನ್ನೊಂದು ಬೇಕೇ ಬೇಕು. ಇದೆಲ್ಲ ಗೊತ್ತಿದ್ದೂ ನಾನು ‘ನಾರ್ಮಲ್’ ಎಂದು ಟೈಪು ಮಾಡಿ ಸಹಿ ಹಾಕಿದೆ. ಊಟಕ್ಕೆ ಎದ್ದೆ.

ಮರುವಾರ ಶನಿವಾರ ಪಟಮಟದಲ್ಲಿದ್ದೆ. ಸಿಟಿ ಬಸ್ಸಿನ ಮೆಟ್ಟಿಲಿನಿಂದ ಬಿದ್ದ ಒಬ್ಬ ಅಮ್ಮನ ಭುಜದ ಫಿಲ್ಮು ಬಂತು. ಮೂಳೆಯ ತಲೆ ಬಟ್ಟಲಿನಿಂದ ಜಾರಿ ಮುಂದೆ, ಕೆಳಗೆ ಕೂತಿತ್ತು. ಅಲ್ಲಿನ ಹುಡುಗ ಡಾಕ್ಟರು, “ಡಿಸ್‌ಲೊಕೇಷನ್ ಮೇಡಂ!” ಎಂದು ಹಿಗ್ಗಿದ. “ಒಂದು ಸಿಕ್ಕಿತು ಅಂತ ಹುಡುಕೋದು ನಿಲ್ಲಿಸ್ತೀಯೇನಪ್ಪಾ? ಮೂಳೆ ಮುರಿದಿದೆಯಾ ನೋಡು” ಎಂದು ಗದರಿದೆ. ತಲೆಯ ಹೊರಬದಿಯ ಗುಬುಟು ಒಡೆದಿದೆಯೇ, ಅದರ ಕೆಳಗೆ ಮೂಳೆಯ ಕತ್ತಿನಲ್ಲಿ ಬಿರುಕಿದೆಯೇ ಎಂದು ತೋರಿಸುತ್ತಾ ಹೋದೆ. ಕತ್ತಿನ ಬಿರುಕು ಕಾಣದೆ ಎಳೆದು ಕೂರಿಸಲು ಹೋದರೆ ತಲೆ ಒಂದು ಕಡೆ, ತೋಳು ಒಂದು ಕಡೆ ಆಗುತ್ತದೆ. “ಬಟ್ಟಲಿನ ಅಂಚು ಒತ್ತಿ ತಲೆಯಲ್ಲಿ ತಗ್ಗು ಬಿದ್ದರೆ, ಒಳಗೆ ಹೀಗೊಂದು ಗೆರೆ...” ಎಂದು ಬೆರಳು ಇಟ್ಟವಳು ಅಲ್ಲೇ ನಿಂತೆ.

ಗೆರೆ! ಆ ಎಲೆಕ್ಟ್ರಿಷಿಯನ್ನನ ಫಿಲ್ಮಿನಲ್ಲೂ ಒಂದು ಗೆರೆ ಇತ್ತಲ್ಲ.

 ಮೊಬೈಲಿನಲ್ಲೇ ಗಾಜುವಾಕದ ಆಸ್ಪತ್ರೆಯ ಕಡತಕ್ಕೆ ಹೋಗಿ ಅವನ ಫಿಲ್ಮು ತೆರೆದೆ. ತಲೆ ಬಲ್ಬಿನಂತೆ ಗುಂಡಗಿದೆ. ಬಟ್ಟಲಿನ ಮೇಲೆ ಅದರ ನೆರಳು ಬೀಳಬೇಕಾದ ಕಡೆ ಖಾಲಿ ಸಂದು. ತಲೆಯೊಳಗೆ ಉದ್ದಕ್ಕೆ ತೆಳ್ಳನೆಯ ಗೆರೆ. ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಕೈ ಒಳಕ್ಕೆ ತಿರುಗಿದ್ದಾಗ ಯಾರ ಭುಜವಾದರೂ ಸ್ವಲ್ಪ ಗುಂಡಗೆ ಕಾಣುತ್ತದೆ ನಿಜ. ಆದರೆ ಆ ಗೆರೆ? ಅಯ್ಯೋ ಶಿವನೇ, ಕಣ್ಣು ಎಲ್ಲಿಟ್ಟಿದ್ದೆ ನಾನು!

ಗಾಜುವಾಕಕ್ಕೆ ಫೋನು ಮಾಡಿ ನಂಬರು ಕೇಳಿದೆ. ಟೆಕ್ನಿಷಿಯನ್ ನಂಬರು ಕೊಟ್ಟು, “ನಾನು ಆವತ್ತೇ ಹೇಳಿದೆ ಕದಾ ಮೇಡಂ” ಎಂದ. ಹೌದು, ಹೇಳಿದ್ದ.

ಎಲೆಕ್ಟ್ರಿಷಿಯನ್ ಮೊದಲ ರಿಂಗಿಗೇ ಎತ್ತಿದ. “ತಮ್ಮಾ, ಅವತ್ತು ಹೆಂಗ ಬಿದ್ದಿ?”

“ಪ್ಯಾನೆಲ್ ಮುಟ್ಟಿದ್ನಿರಿ. ಕರೆಂಟ್ ಹೊಡದು ಒಗೀತು.”

ಮುಗಿಯಿತು. ಕರೆಂಟ್ ಹೊಡೆದಾಗ ಸ್ನಾಯುಗಳು ಒಮ್ಮೆಲೇ ಬಿಗಿದು ತಲೆಯನ್ನು ಹಿಂದಕ್ಕೆ ನೂಕುತ್ತವೆ. ಯಾರಾದರೂ ಒಂದು ಮಾತು ಕೇಳಿದ್ದರೆ! ಯಾರಾದರೂ ಏನು, ನಾನೇ ಕೇಳಬಹುದಿತ್ತು.

“ಈಗ ಎಲ್ಲಿದ್ದಿ?”

“ವಿಜಯವಾಡದ ಹತ್ರ ಇಬ್ರಾಹಿಂಪಟ್ನಂದಾಗ, ತಂಗಿ ಮನ್ಯಾಗ ಅದೇನ್ರಿ, ಬಂದು ನಾಕ ದಿನಾತು. ಏನೂ ಆಗಿಲ್ಲಂತ ರಿಪೋರ್ಟ್ ಬಂದೈತಲ್ರಿ, ಕೈ ಆಡಿಸಿದ್ರ ಬಿಗಿ ಬಿಡತೈತಂತ ತಂಗಿ ಗಂಡ ದಿನಾ ಹಗ್ಗಾ ಕಟ್ಟಿ ಜಗ್ಗಸ್ತಾನ್ರಿ.”

“ಕೈ ಮುಟ್ಟಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ!” ಎಂದು ಕಿರುಚಿದೆ. ಕಾಯುತ್ತಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. “ಈಗಿಂದೀಗ ಆಟೋ ಹತ್ತಿ ಪಟಮಟಕ್ಕ ಬಾ.”

ಅವನು ಬರುವವರೆಗೆ ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗೇಟಿಗೆ ಹೋಗಿ ಬಂದೆ, ಮತ್ತೆ ಹೋದೆ. ಚಹಾ ತಣ್ಣಗಾಯಿತು. ಎಂಟು ದಿನ! ಅಂಚಿಗೆ ಸಿಕ್ಕಿಕೊಂಡ ತಲೆಯನ್ನು ಒಂದೊಂದು ಸಲ ಜಗ್ಗಿದಾಗಲೂ ಆ ತಗ್ಗು ಇನ್ನಷ್ಟು ಸವೆಯುತ್ತದೆ. ಬಲಗೈ. ಏಣಿ ಹತ್ತಿ ತಂತಿ ಎಳೆಯುವ ಕೈ. ನನ್ನನ್ನು ನಾನೇ ಎಷ್ಟು ಬೈದುಕೊಂಡೆನೋ ಲೆಕ್ಕವಿಲ್ಲ.

ಬಂದ. ಕೈಯನ್ನು ಹೊಟ್ಟೆಗೆ ಅವುಚಿಕೊಂಡಿದ್ದ. ಕೈ ಎತ್ತಿಸುವ ಗೋಜಿಗೇ ಹೋಗಲಿಲ್ಲ. ಜೋಳಿಗೆಯಲ್ಲೇ ಇರಲಿ ಎಂದು, ಮೇಜಿನ ಅಂಚಿಗೆ ಬೆನ್ನು ಮಾಡಿ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಬಾಗಿಸಿ, ಭುಜದ ಮೇಲಿನಿಂದ ಕಿರಣ ಬಿಡಿಸಿದೆ. ಬೀಳದ ಹಾಗೆ, ಜೊತೆಗೆ ಬಂದಿದ್ದ ತಂಗಿ ಸೀಸದ ಏಪ್ರನ್ ತೊಟ್ಟು ಅವನನ್ನು ಹಿಡಿದುಕೊಂಡಿದ್ದಳು. ಇಷ್ಟು ಸುಲಭದ ಫೋಟೋ ಅದು. ಗಾಜುವಾಕದಲ್ಲೂ ಐದು ನಿಮಿಷದಲ್ಲಿ ಆಗುತ್ತಿತ್ತು.

ಪರದೆಯ ಮೇಲೆ ತಲೆ ಬಟ್ಟಲಿನ ಹಿಂದೆ ಇತ್ತು. ಬಟ್ಟಲಿನ ಹಿಂದಿನ ಅಂಚು ತಲೆಯ ಮುಂಭಾಗವನ್ನು ಕಚ್ಚಿ ಹಿಡಿದಿತ್ತು. ಸಿ.ಟಿ. ಮಾಡಿಸಿದೆ: ತಲೆಯ ಹೆಚ್ಚುಕಡಿಮೆ ಕಾಲುಭಾಗ ತಗ್ಗು ಬಿದ್ದಿದೆ, ಕತ್ತಿನಲ್ಲಿ ಬಿರುಕಿಲ್ಲ. ಆ ಕೊನೆಯದನ್ನು ಮೂರು ಸಲ ನೋಡಿದೆ. ಮೂಳೆ ಸರ್ಜನ್ನರಿಗೆ ಫೋನು ಮಾಡಿದಾಗ, ಅರಿವಳಿಕೆ ಕೊಟ್ಟು ನಿಧಾನವಾಗಿ ಕೂರಿಸಲು ಪ್ರಯತ್ನಿಸುತ್ತೇನೆ, ಆಗದಿದ್ದರೆ ತೆರೆಯಬೇಕು, ಕೈ ಮೊದಲಿನಷ್ಟು ತಿರುಗುತ್ತದೆಂದು ಮಾತು ಕೊಡಲಾರೆ ಎಂದರು.

ಅವನೆದುರು ಸ್ಟೂಲು ಎಳೆದುಕೊಂಡು ಕೂತೆ. “ತಮ್ಮಾ, ಮೊದಲನೇ ದಿನದಿಂದ ನಿನ್ನ ಭುಜ ಜಾರೇ ಇತ್ತು. ಮೂಳೀನೂ ಜಜ್ಜೇತಿ. ನಾ ಸರಿ ನೋಡಲಿಲ್ಲ. ತಪ್ಪು ನಂದು.”

ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಪರದೆಯ ಕಡೆ ತಿರುಗಿದ. “ಅಂದ್ರ ನೋವು ಖರೇನ ಇತ್ತಲ್ರೀ? ಕಾಂಟ್ರ್ಯಾಕ್ಟರ್ ನಾಟಕ ಮಾಡ್ತೀ ಅಂದ್ರು. ಕಡಿಕಡಿಗೆ ನನಗೂ ಅನ್ಸಾಕ ಹತ್ತಿತ್ರಿ, ನಾನ ಹೆದರಪುಕ್ಕ ಇರಬೇಕಂತ.” ಎಡಗೈಯಿಂದ ಕಣ್ಣೊರಸಿಕೊಂಡ. “ಇದನ್ನ ಬರದ ಕೊಡ್ರಿ, ಅಕ್ಕಾರ.”

ಬರೆದೆ. ಹಿಂದಿನ ವರದಿ ತಪ್ಪು, ಭುಜ ಆ ದಿನವೇ ಹಿಂದಕ್ಕೆ ಜಾರಿತ್ತು, ತಲೆಯ ಮೂಳೆ ಜಜ್ಜಿತ್ತು ಎಂದು ಬರೆದು ಸಹಿ ಹಾಕಿದೆ. ಅವನು ಗಾಜುವಾಕದಲ್ಲಿದ್ದ ಹೆಂಡತಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. “ನೀವ ಹೇಳ್ರಿ, ನಾ ಹೇಳಿದ್ರ ನಂಬೂದಿಲ್ಲ” ಅಂದ.

ಹೇಳಿದೆ.  ಆಕೆ ಬಿಕ್ಕುತ್ತಾ, ಫೋನಿನಲ್ಲಿ ಮಾತಾಡುತ್ತಿರುವವಳು ಯಾರೆಂದು ತಿಳಿಯದೆ, “ಅವರು ನೋವು ಅಂತ ನರಳಿದಾಗೆಲ್ಲಾ ನಾ ಬೈತಿದ್ದೆ ನೋಡ್ರಿ. ಸುಮ್ನಿರ್ರಿ, ಏನೂ ಇಲ್ಲಂತ ಆ ಡಾಕ್ಟರವ್ವ ಬರದಾಳಲ್ಲ, ಆಕಿಗಿಂತ ನಿಮಗ ಹೆಚ್ಚಿಗೆ ಗೊತ್ತೈತೇನು ಅಂತಿದ್ದೆ” ಎಂದಳು.

“ಆ ಡಾಕ್ಟರವ್ವ ನಾನೇ, ತಂಗೀ” ಎಂದೆ.